ಸೌತೆಕಾಯಿ ಹಣ್ಣೋ ತರಕಾರಿಯೋ? ಬೇಸಿಗೆಯಲ್ಲಿ ಕಹಿ ಆಗುವುದು ಯಾಕೆ?

ಪ್ರಶ್ನೆ: ಸೌತೆಕಾಯಿ ತರಕಾರಿ ಅಲ್ಲ, ಹಣ್ಣು ಅಂತ ಮಗಳಿಗೆ ಶಾಲೆಯಲ್ಲಿ ಹೇಳಿದ್ದಾರೆ. ನಿಜಾನಾ? ಇನ್ನೊಂದು ಮಾತು. ಹಿತ್ತಲಲ್ಲಿ ಜವಾರಿ ಸೌತೆ ಹಾಕಿದ್ದೇವೆ. ಮಾರ್ಚ್‌ವರೆಗೆ ಚೆನ್ನಾಗಿದ್ದ ಕಾಯಿ ಏಪ್ರಿಲ್‌ನಲ್ಲಿ ಕಹಿ ಬರ್ತಿವೆ. ನಳದ ನೀರು ನಾಲ್ಕು ದಿನಕ್ಕೊಮ್ಮೆ, ಬಂದ ದಿನ ತುಂಬಾ ಬಿಡ್ತೇವೆ. ಪಕ್ಕದಲ್ಲೇ ಹಾಗಲ ಬಳ್ಳಿ ಇದೆ, ಅದರ ಗಾಳಿಗೇ ಹೀಗಾಗಿದೆ ಅಂತ ಅತ್ತೆ ಹೇಳ್ತಾರೆ. ಬಳ್ಳಿ ಕಿತ್ತು ಹಾಕೋದಾ?
– ಒಬ್ಬ ಓದುಗರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಬಳ್ಳಿ ಕೀಳಬೇಡಿ. ಹಾಗಲ ಬಳ್ಳಿಯನ್ನೂ ಕೀಳಬೇಡಿ, ಅದರ ತಪ್ಪು ಏನೂ ಇಲ್ಲ. ನಿಮ್ಮ ಪತ್ರದಲ್ಲೇ ಕಾರಣ ಇದೆ, ಅದು ನೀರು ಕೊಡುವ ರೀತಿ. ಅದಕ್ಕೆ ಬರುವ ಮುಂಚೆ ಮಗಳ ಪ್ರಶ್ನೆ ನೋಡೋಣ. ಯಾಕಂದ್ರೆ ಸೌತೆಕಾಯಿ ಹಣ್ಣು ಹೌದೋ ಅಲ್ಲವೋ ಅನ್ನುವುದು ತಿಳಿದರೆ ಹಾಗಲ ಬಳ್ಳಿಯ ವಿಷಯ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಶಾಲೆಯಲ್ಲಿ ಹೇಳಿದ್ದು ಸರಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೂವಿನ ಅಂಡಾಶಯ ಬೆಳೆದು, ಒಳಗೆ ಬೀಜ ಇಟ್ಟುಕೊಂಡು ನಿಂತರೆ ಅದು ಹಣ್ಣು. ಸಿಹಿ ಇರಬೇಕು ಅಂತೇನಿಲ್ಲ. ಮಗಳನ್ನು ಬೆಳಿಗ್ಗೆ ಬಳ್ಳಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಹಳದಿ ಹೂಗಳಲ್ಲಿ ಎರಡು ಜಾತಿ ಕಾಣುತ್ತವೆ. ಕೆಲವು ಹೂ ಸಣ್ಣ ತೊಟ್ಟಿನ ಮೇಲೆ ನೇರವಾಗಿ ಕೂತಿರುತ್ತವೆ, ಹಿಂದೆ ಏನೂ ಇರುವುದಿಲ್ಲ. ಅವು ಗಂಡು ಹೂ. ಇನ್ನು ಕೆಲವು ಹೂವಿನ ಹಿಂದೆ ಕಿರುಬೆರಳಿನ ತುದಿಯಷ್ಟು ಒಂದು ಹೀಚು ಇರುತ್ತದೆ. ಮೈಮೇಲೆ ಸಣ್ಣ ಮುಳ್ಳು, ಆಕಾರ ಥೇಟ್ ಸೌತೆಕಾಯಿಯದೇ. ಅದು ಹೆಣ್ಣು ಹೂ, ಆ ಹೀಚೇ ಅಂಡಾಶಯ. ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಬೀಜದ ಸಾಲುಗಳು ಆಗಲೇ ಕಾಣುತ್ತವೆ. ಜೇನುಹುಳು ಗಂಡು ಹೂವಿನ ಪರಾಗ ತಂದು ಹಾಕಿದರೆ ಆ ಹೀಚು ಉಬ್ಬಿ ಕಾಯಿಯಾಗುತ್ತದೆ. ಇಲ್ಲದಿದ್ದರೆ ಹಳದಿಗೆ ತಿರುಗಿ ಉದುರುತ್ತದೆ. ಪರಾಗ ಇಲ್ಲದೆಯೂ ಕಾಯಿ ಕಟ್ಟುವ ತಳಿಗಳಿವೆ. ಪಾಲಿಹೌಸ್‌ಗಳಲ್ಲಿ ಬೆಳೆಯುವುದು ಹೆಚ್ಚಾಗಿ ಅವನ್ನೇ. ನಮ್ಮ ಜವಾರಿ ಸೌತೆಗೆ ಮಾತ್ರ ಹುಳು ಬೇಕೇ ಬೇಕು.

ಹಾಗಂತ ತರಕಾರಿ ಅನ್ನುವುದೂ ತಪ್ಪಲ್ಲ. ತರಕಾರಿ ಅನ್ನುವುದು ಅಡಿಗೆಮನೆಯ ಮತ್ತು ಸಂತೆಯ ಲೆಕ್ಕ, ಗಿಡದ ಲೆಕ್ಕವಲ್ಲ. ರೊಟ್ಟಿ ಜೊತೆ ಕಚ್ಚಿಕೊಳ್ಳಲು, ಪಚಡಿಗೆ, ಪಲ್ಯಕ್ಕೆ ಬಳಸುವುದೆಲ್ಲ ಅಲ್ಲಿ ತರಕಾರಿಯೇ. ಬದನೆ, ಬೆಂಡೆ, ಟೊಮೆಟೊ, ಹೀರೆ, ಕುಂಬಳ ಎಲ್ಲದರದ್ದೂ ಇದೇ ಕಥೆ. ಅಮೆರಿಕದಲ್ಲಿ ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅಲ್ಲಿ ಆಮದು ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ಟೊಮೆಟೊ ಹಣ್ಣು, ಸುಂಕ ವಾಪಸ್ ಕೊಡಿ ಅಂತ ವ್ಯಾಪಾರಿಗಳು ಕೇಸು ಹಾಕಿದರು. 1893ರಲ್ಲಿ ತೀರ್ಪು ಬಂತು. ಸಸ್ಯಶಾಸ್ತ್ರದ ಪ್ರಕಾರ ಟೊಮೆಟೊ ಹಣ್ಣೇ, ಸೌತೆ, ಕುಂಬಳ, ಬಟಾಣಿಗಳ ಹಾಗೆ. ಆದರೆ ಜನ ಅದನ್ನು ಊಟದ ಜೊತೆ ತರಕಾರಿಯಾಗಿ ತಿನ್ನುತ್ತಾರೆ, ಆದ್ದರಿಂದ ಸುಂಕ ಕಟ್ಟಬೇಕು ಅಂತ ಕೋರ್ಟ್ ಹೇಳಿತು. ನನಗೂ ಅದೇ ಸರಿ ಅನಿಸುತ್ತದೆ. ಪರೀಕ್ಷೆಯಲ್ಲಿ ಮಗಳು ಹಣ್ಣು ಅಂತಲೇ ಬರೆಯಲಿ, ಸಂತೆಯಲ್ಲಿ ನೀವು ತರಕಾರಿ ಅಂತಲೇ ಕೊಳ್ಳಿ.

ಸೌತೆಯನ್ನು ನಾವು ಎಳೆಯದಾಗಿದ್ದಾಗಲೇ ಕೊಯ್ಯುತ್ತೇವೆ, ಬೀಜ ಬಲಿಯುವ ಮುಂಚೆ. ಬಳ್ಳಿಯಲ್ಲೇ ಬಿಟ್ಟರೆ ಅದು ಉಬ್ಬಿ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ, ತಿರುಳು ಹುಳಿಯಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಬಳ್ಳಿಯ ಮಟ್ಟಿಗೆ ಅದೇ ಪೂರ್ತಿ ಮಾಗಿದ ಹಣ್ಣು.

ಈಗ ಕಹಿಗೆ ಬರೋಣ. ಸೌತೆಯ ಮೂಲ ನಮ್ಮ ದೇಶವೇ. ಅದರ ಕಾಡು ಬಳ್ಳಿ ಇವತ್ತಿಗೂ ಹಿಮಾಲಯದ ತಪ್ಪಲಲ್ಲಿ ಸಿಗುತ್ತದೆ. ಸಣ್ಣ ಕಾಯಿ, ಬಾಯಿಗೆ ಇಡಲಾರದಷ್ಟು ಕಹಿ. ಆ ಕಹಿಗೆ ಕಾರಣವಾದ ವಸ್ತುಗಳಿಗೆ ಕುಕುರ್ಬಿಟಾಸಿನ್ ಅಂತ ಹೆಸರು. ಕುಂಬಳ, ಸೋರೆ, ಕಲ್ಲಂಗಡಿ, ಹಾವುಮೆಕ್ಕೆ ಇರುವ ಕುಟುಂಬದಲ್ಲೆಲ್ಲ ಇದರ ಬೇರೆ ಬೇರೆ ರೂಪಗಳಿವೆ. ಪ್ರಾಣಿಗಳು, ಹುಳುಗಳು ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ರಕ್ಷಣೆ ಇದು. ಜನ ತಲೆತಲಾಂತರದಿಂದ ಕಹಿ ಇಲ್ಲದ ಕಾಯಿಯ ಬೀಜವನ್ನೇ ಎತ್ತಿಟ್ಟು, ಎತ್ತಿಟ್ಟು, ಇವತ್ತಿನ ಸೌತೆ ಬಂದಿದೆ.

ಆದರೆ ಕಹಿ ಮಾಡುವ ಶಕ್ತಿ ಬಳ್ಳಿಯಿಂದ ಪೂರ್ತಿ ಹೋಗಿಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಬಳ್ಳಿಯ ಎಲೆಯ ಒಂದು ಚೂರು ಕಿತ್ತು, ತೊಳೆದು, ಮುಂದಿನ ಹಲ್ಲಲ್ಲಿ ಸ್ವಲ್ಪ ಕಚ್ಚಿ ಉಗಿಯಿರಿ. ಔಷಧಿ ಹೊಡೆದಿದ್ದರೆ ಮಾತ್ರ ಬೇಡ. ಹೆಚ್ಚಿನ ತಳಿಗಳಲ್ಲಿ ಎಲೆ ಚೆನ್ನಾಗಿಯೇ ಕಹಿ ಇರುತ್ತದೆ, ಕಾಯಿ ಸಿಹಿ ಇದ್ದರೂ ಕೂಡ. ಅಂದರೆ ಕಾರ್ಖಾನೆ ಇದೆ, ಕಾಯಿಯಲ್ಲಿ ಬಂದ್ ಆಗಿದೆ ಅಷ್ಟೇ. 2014ರಲ್ಲಿ ಚೀನಾದ ವಿಜ್ಞಾನಿಗಳು ಇದರ ಒಳಗುಟ್ಟು ಬಿಡಿಸಿದರು. ಸೌತೆಯಲ್ಲಿ ಕಹಿ ತಯಾರಿಸುವ ಕೆಲಸಕ್ಕೆ ಒಂಬತ್ತು ಜೀನ್‌ಗಳಿವೆ, ಅವನ್ನು ಎಲೆಯಲ್ಲಿ ಚಾಲೂ ಮಾಡುವ ಜೀನ್ ಬೇರೆ, ಕಾಯಿಯಲ್ಲಿ ಚಾಲೂ ಮಾಡುವ ಜೀನ್ ಬೇರೆ ಅಂತ ತೋರಿಸಿದರು. ಊಟದ ಸೌತೆಯಲ್ಲಿ ಕಾಯಿಯ ಜೀನ್ ಮಂಕಾಗಿದೆ. ಆದರೆ ಬಿಸಿಲು, ಬಾಯಾರಿಕೆಯಂಥ ಕಷ್ಟಗಳು ಬಂದರೆ ಕೆಲವು ತಳಿಗಳಲ್ಲಿ ಕಾಯಿಗೂ ಕಹಿ ಇಳಿಯುತ್ತದೆ. ನಿಮ್ಮ ಬಳ್ಳಿಯಲ್ಲಿ ಆಗಿರುವುದು ಇದೇ.

ಹಾಗಲದ ಪರಾಗ ಬಿದ್ದು ಕಹಿಯಾಯಿತು ಅಂತ ನಿಮ್ಮ ಅತ್ತೆಯವರೊಬ್ಬರೇ ಅಲ್ಲ, ಬಹಳ ಜನ ಹೇಳುತ್ತಾರೆ. ಎರಡು ಕಾರಣಕ್ಕೆ ಅದು ಸಾಧ್ಯವಿಲ್ಲ. ಮೊದಲನೆಯದು, ಹಾಗಲವೂ ಸೌತೆಯೂ ಒಂದೇ ಕುಟುಂಬದವಾದರೂ ಬೇರೆ ಬೇರೆ ಕುಲದವು. ಒಂದರ ಪರಾಗದಿಂದ ಇನ್ನೊಂದು ಬೀಜ ಕಟ್ಟುವುದಿಲ್ಲ. ಹೊಲದ ಬದುವಿನಲ್ಲಿ ಹಬ್ಬುವ ಹಾವುಮೆಕ್ಕೆಗೂ ಇದೇ ಮಾತು. ಎರಡನೆಯದು ಇನ್ನೂ ಮುಖ್ಯ, ಮೊದಲು ಹೇಳಿದ ಹಣ್ಣಿನ ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೀವು ತಿನ್ನುವ ತಿರುಳು ಅಂಡಾಶಯದ ಗೋಡೆ ಬೆಳೆದದ್ದು. ಅದು ಪೂರ್ತಿ ತಾಯಿ ಬಳ್ಳಿಯದೇ ಮೈ. ಯಾವ ಪರಾಗ ಬಂದು ಬಿದ್ದರೂ ಅದರ ಗುಣ ಸೇರುವುದು ಒಳಗಿನ ಬೀಜಕ್ಕೆ ಮಾತ್ರ. ಪಕ್ಕದ ಮನೆಯಲ್ಲಿ ಕಹಿ ಸೌತೆಯ ಬಳ್ಳಿಯೇ ಇದ್ದರೂ, ಅದರ ಪರಾಗದಿಂದ ಈ ವರ್ಷ ನಿಮ್ಮ ಕಾಯಿ ಕಹಿಯಾಗುವುದಿಲ್ಲ. ಆ ಬೀಜ ಮುಂದಿನ ವರ್ಷ ಹಾಕಿದರೆ ಆಗ ತೊಂದರೆ. ಅದನ್ನು ಆಮೇಲೆ ಹೇಳುತ್ತೇನೆ.

ಹಾಗಾದರೆ ನೀರು ಹೇಗೆ ಕಾರಣ? ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ. ಇಷ್ಟು ನೀರು ಬೇಡುವ ಬಳ್ಳಿಯ ಬೇರು ಮಾತ್ರ ಆಳಕ್ಕೆ ಹೋಗುವುದಿಲ್ಲ. ಹೆಚ್ಚಿನ ಬೇರು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹರಡಿರುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕುಷ್ಟಗಿಯ ಸುತ್ತ ಮಸಾರಿ ಮಣ್ಣು ಜಾಸ್ತಿ, ನಿಮ್ಮ ಹಿತ್ತಲೂ ಅದೇ ಇದ್ದರೆ ಮೇಲಿನ ಪದರ ಎರಡು ದಿನಕ್ಕೇ ಒಣಗುತ್ತದೆ. ನಳ ಬಂದ ದಿನ ನೀವು ತುಂಬಾ ಬಿಡುತ್ತೀರಿ, ಬೇರಿಗೆ ಬೇಕಾದ್ದಕ್ಕಿಂತ ಹೆಚ್ಚಿನದು ಕೆಳಗೆ ಇಳಿದು ಹೋಗುತ್ತದೆ. ಮೂರನೇ ದಿನ, ನಾಲ್ಕನೇ ದಿನ ಬಳ್ಳಿ ಬಾಯಾರಿ ನಿಲ್ಲುತ್ತದೆ. ಒಮ್ಮೆ ತುಂಬಾ, ಆಮೇಲೆ ಇಲ್ಲವೇ ಇಲ್ಲ ಅನ್ನುವ ಈ ಏರುಪೇರು ದಿನಾ ಸ್ವಲ್ಪ ಕಡಿಮೆ ಕೊಡುವುದಕ್ಕಿಂತ ಕೆಟ್ಟದ್ದು. ಮಾರ್ಚ್‌ವರೆಗೆ ಇದೇ ನೀರು ಸಾಕಾಗಿದ್ದು ಬಿಸಿಲು ಕಡಿಮೆ ಇತ್ತು, ಬಳ್ಳಿಯೂ ಚಿಕ್ಕದಿತ್ತು ಅಂತ. ಎರೆ ಮಣ್ಣಿನವರಿಗೆ ಇನ್ನೊಂದು ತೊಂದರೆ ಇದೆ. ಆ ಮಣ್ಣು ತೇವ ಹೆಚ್ಚು ದಿನ ಹಿಡಿಯುತ್ತದೆ ನಿಜ, ಆದರೆ ಒಣಗಿದಾಗ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿದು ಹಾಕುತ್ತದೆ.

ಬಾಯಾರಿಕೆಯೋ ಬರೀ ಬಿಸಿಲೋ ಅಂತ ತಿಳಿಯಲು ಎಲೆ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿದ್ದು, ನೀರು ಹಾಕದೆಯೇ ಸಂಜೆಗೆ ಮತ್ತೆ ಎದ್ದು ನಿಂತರೆ ಅದು ಬಿಸಿಲಿನ ಬಾಡು. ಬೆಳಿಗ್ಗೆ ಆರು ಗಂಟೆಗೇ ಎಲೆ ಸೊರಗಿದ್ದರೆ ಬೇರಿಗೆ ನೀರಿಲ್ಲ. ಬುಡದಿಂದ ಒಂದು ಗೇಣು ದೂರದಲ್ಲಿ ಮಣ್ಣಿಗೆ ಬೆರಳು ಪೂರ್ತಿ ಇಳಿಸಿ ನೋಡಿ. ತುದಿಗೆ ತಂಪು ತಗುಲದಿದ್ದರೆ ನೀರು ಕೊಡುವ ಹೊತ್ತಾಗಿದೆ. ಮಣ್ಣು ಹಸಿ ಇದ್ದೂ ಬೆಳಿಗ್ಗೆ ಎಲೆ ಬಾಡಿದ್ದರೆ ಅದು ಬೇರಿನ ರೋಗ ಇರಬಹುದು, ಆಗ ನೀರು ಸುರಿಯುವುದು ಇನ್ನೂ ಕೇಡು.

ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುವುದನ್ನು ನೀವು ಬದಲಿಸಲಾಗುವುದಿಲ್ಲ. ಆದರೆ ಅದೇ ನೀರನ್ನು ನಾಲ್ಕು ದಿನಕ್ಕೆ ಹಂಚಬಹುದು. ಕಾಯಿ ಬಿಡುತ್ತಿರುವ ದೊಡ್ಡ ಬಳ್ಳಿಗೆ ಈ ಬಿಸಿಲಲ್ಲಿ ದಿನಕ್ಕೆ ಸುಮಾರು 3ರಿಂದ 4 ಲೀಟರ್ ಬೇಕು. ನಾಲ್ಕು ಬಳ್ಳಿ ಇದ್ದರೆ ನಾಲ್ಕು ದಿನಕ್ಕೆ ಹೆಚ್ಚೆಂದರೆ 64 ಲೀಟರ್, ಒಂದು ಸಣ್ಣ ಡ್ರಮ್ಮಿನಷ್ಟು. ಹಿಡಿದಿಟ್ಟು ದಿನಾ ಬೆಳಿಗ್ಗೆ ಬುಡಕ್ಕೆ ಹಾಕಿ. ಡ್ರಮ್ಮಿಗೆ ಮುಚ್ಚಳ ಇರಲಿ, ಸೊಳ್ಳೆ ಮೊಟ್ಟೆ ಇಡುತ್ತವೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಗಡಿಗೆಯ ಉಪಾಯ. ಬಣ್ಣ ಬಳಿಯದ, ಒಳಗೆ ಹೊಳಪು ಹಚ್ಚದ ಮಣ್ಣಿನ ಗಡಿಗೆ ಬೇಕು, ಐದಾರು ಲೀಟರ್ ಹಿಡಿಯುವುದು. ಮನೆಯಲ್ಲಿ ಹಳೇ ನೀರಿನ ಗಡಿಗೆ ಇದ್ದರೆ ಮೊದಲು ತುಂಬಿಸಿಟ್ಟು ಹೊರಮೈ ತೇವವಾಗುತ್ತದಾ ನೋಡಿ. ಬಹಳ ದಿನ ಬಳಸಿದ ಗಡಿಗೆಯ ರಂಧ್ರಗಳು ಉಪ್ಪು ಕಟ್ಟಿ ಮುಚ್ಚಿರುತ್ತವೆ, ಅದು ಜಿನುಗುವುದಿಲ್ಲ. ಬಳ್ಳಿಯಿಂದ ಒಂದು ಗೇಣು ದೂರದಲ್ಲಿ, ಬೇರು ಹೆಚ್ಚು ಕಡಿಯದಂತೆ ಗುಂಡಿ ತೆಗೆದು, ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಿ. ತುಂಬಿಸಿ ತಟ್ಟೆ ಮುಚ್ಚಿ. ನೀರು ಗೋಡೆಯ ಮೂಲಕ ಜಿನುಗಿ ಸುತ್ತಲ ಮಣ್ಣನ್ನು ಒಂದೇ ಸಮ ತೇವವಾಗಿ ಇಡುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಜಿನುಗುತ್ತದೆ. ಒಂದೆರಡು ದಿನಕ್ಕೊಮ್ಮೆ ಇಣುಕಿ ನೋಡಿ ತುಂಬಿಸಿದರೆ ಆಯಿತು. ಈಗ ಕಾಯಿ ಬಿಡುತ್ತಿರುವ ಬಳ್ಳಿಯ ಹತ್ತಿರ ಅಗೆಯಲು ಮನಸ್ಸಿಲ್ಲದಿದ್ದರೆ ಈ ಸಲ ಡ್ರಮ್ಮಿನ ನೀರು ಸಾಕು, ಮುಂದಿನ ಸಲ ಬೀಜ ಹಾಕುವ ಮುಂಚೆಯೇ ಗಡಿಗೆ ಹೂಳಿ.

ಬುಡದ ಸುತ್ತ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲೋ ಒಣ ಎಲೆಯೋ ಹೊದಿಸಿ. ಕಾಂಡಕ್ಕೆ ಮಾತ್ರ ತಾಗದಿರಲಿ. ಬಿಸಿಲು ನೇರ ಮಣ್ಣಿಗೆ ಬೀಳದಿದ್ದರೆ ತೇವ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಹುಲ್ಲು ಸರಿಸಿ ಮುಟ್ಟಿದರೆ ಗೊತ್ತಾಗುತ್ತದೆ. ಪಡುವಣ ದಿಕ್ಕಿಗೆ ಒಂದು ಹಳೇ ಸೀರೆಯನ್ನೋ ಹಸಿರು ನೆಟ್ಟನ್ನೋ ಕಟ್ಟಿ ಮಧ್ಯಾಹ್ನದ ಬಿಸಿಲು ತಡೆಯಿರಿ. ಬೆಳಗಿನ ಬಿಸಿಲು ಬೀಳಲಿ, ಜೇನುಹುಳುಗಳಿಗೆ ದಾರಿ ಇರಲಿ.

ಇಷ್ಟು ಮಾಡಿದರೆ ನಾಳೆಯೇ ಕಾಯಿ ಸರಿಹೋಗುತ್ತದೆ ಅಂತ ಕಾಯಬೇಡಿ. ಈಗಾಗಲೇ ಕಹಿ ತುಂಬಿಕೊಂಡ ಕಾಯಿ ನೀರು ಕೊಟ್ಟ ಕೂಡಲೇ ಸಿಹಿಯಾಗುವುದಿಲ್ಲ. ಬಳ್ಳಿಯಲ್ಲಿ ಈಗ ಇರುವ ಕಾಯಿಗಳನ್ನೆಲ್ಲ ಕೊಯ್ದು ಬಿಡಿ, ಬಳ್ಳಿಯ ಭಾರ ಇಳಿಯುತ್ತದೆ. ಆಮೇಲೆ ಅರಳುವ ಹೆಣ್ಣು ಹೂಗಳು ಕೊಯ್ಲಿಗೆ ಬರಲು ಸುಮಾರು ಎಂಟು ಹತ್ತು ದಿನ ಬೇಕು. ನೀವು ರುಚಿ ನೋಡಿ ತೀರ್ಮಾನ ಮಾಡಬೇಕಾದದ್ದು ಆ ಕಾಯಿಗಳನ್ನು. ನಿಜವಾದ ಬಿಸಿಗಾಳಿ ಬೀಸುವ ವಾರಗಳಲ್ಲಿ ಎಷ್ಟು ನೀರು ಕೊಟ್ಟರೂ ಅಲ್ಲೊಂದು ಇಲ್ಲೊಂದು ಕಹಿ ಬರಬಹುದು. ಅಷ್ಟು ಬಿಸಿಲಲ್ಲಿ ಗಂಡು ಹೂವೇ ಜಾಸ್ತಿ ಬಿಟ್ಟು ಕಾಯಿ ಕಡಿಮೆಯಾಗುವುದೂ ಇದೆ.

ರುಚಿ ನೋಡುವುದಕ್ಕೂ ಕ್ರಮ ಇದೆ. ಕಹಿ ಹೆಚ್ಚಾಗಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಸೇರುತ್ತದೆ. ಹೂವಿನ ತುದಿಯಲ್ಲಿ ಕಡಿಮೆ. ಹೂವಿನ ತುದಿಯಿಂದ ಒಂದು ಬಿಲ್ಲೆ, ನಡುವಿನಿಂದ ಒಂದು, ತೊಟ್ಟಿನ ಹತ್ತಿರದಿಂದ ಒಂದು ಕೊಯ್ದು ಇದೇ ಸಾಲಿನಲ್ಲಿ ನಾಲಿಗೆಗೆ ತಾಗಿಸಿ. ತೊಟ್ಟಿನ ಬಿಲ್ಲೆ ಮಾತ್ರ ಕಹಿ ಇದ್ದರೆ ಅದು ಬಿಸಿಲು ನೀರಿನ ಕಹಿ ಅನ್ನುವುದಕ್ಕೆ ಒಳ್ಳೆ ಗುರುತು. ಎರಡು ಬೆರಳಗಲ ತೆಗೆದು, ಸಿಪ್ಪೆಯನ್ನು ದಪ್ಪಕ್ಕೆ ಹೆರೆದು ಉಳಿದದ್ದು ತಿನ್ನಬಹುದು. ಹೆರೆಯುವಾಗ ಹೂವಿನ ತುದಿಯಿಂದ ತೊಟ್ಟಿನ ಕಡೆಗೆ ಹೆರೆಯಿರಿ, ಕಹಿ ರಸ ಚಾಕುವಿನ ಜೊತೆ ಒಳ್ಳೆ ಭಾಗಕ್ಕೆ ಬರುವುದಿಲ್ಲ. ಒಂದೇ ಬಳ್ಳಿಯ ಎಲ್ಲ ಕಾಯಿ, ಮೊದಲ ಕಾಯಿಯಿಂದಲೇ, ತುದಿಯಿಂದ ತುದಿಗೆ ಕಹಿ ಇದ್ದರೆ ಅದು ಬೀಜದ ಕಹಿ. ಅಂಥ ಬಳ್ಳಿಗೆ ನೀರು ಗೊಬ್ಬರ ಏನು ಮಾಡಿದರೂ ವ್ಯರ್ಥ, ಅದನ್ನು ಮಾತ್ರ ಕಿತ್ತು ಹಾಕಿ. ನಿಮ್ಮದು ಮಾರ್ಚ್‌ವರೆಗೆ ಚೆನ್ನಾಗಿತ್ತು ಅಂದಿರಿ, ಹಾಗಾಗಿ ಆ ಭಯ ಇಲ್ಲ.

ತುದಿ ಕೊಯ್ದು ಉಪ್ಪು ಹಚ್ಚಿ ತಿಕ್ಕಿ ನೊರೆ ತೆಗೆಯುವ ಪದ್ಧತಿ ನಮ್ಮ ಎಲ್ಲರ ಮನೆಯಲ್ಲೂ ಇದೆ ಅಲ್ವಾ? ತಿಕ್ಕಿದಾಗ ಬರುವುದು ಕೊಯ್ದ ಜಾಗದ ರಸ ಮಾತ್ರ, ಕಾಯಿಯ ನಡುವಿನ ಕಹಿ ಅಲ್ಲಿಗೆ ಓಡಿ ಬರುವುದಿಲ್ಲ. ಕಹಿ ಇದ್ದ ತೊಟ್ಟನ್ನೇ ಕೊಯ್ದು ಎಸೆದಿರುತ್ತೇವಲ್ಲ, ಹೆಚ್ಚಿನ ಕೆಲಸ ಮಾಡುವುದು ಅದೇ. ಉಪ್ಪು ನಾಲಿಗೆಗೆ ಕಹಿ ತಿಳಿಯುವುದನ್ನು ಸ್ವಲ್ಪ ತಗ್ಗಿಸುತ್ತದೆ, ಕಹಿಯನ್ನು ತೆಗೆಯುವುದಿಲ್ಲ. ಬೇಯಿಸಿದರೂ ಈ ಕಹಿ ಹೋಗುವುದಿಲ್ಲ.

ತೊಟ್ಟಿನ ಸಣ್ಣ ಕಹಿಯಿಂದ ಹೆದರಬೇಕಾಗಿಲ್ಲ. ಆದರೆ ಇಡೀ ಕಾಯಿ ಜೋರು ಕಹಿ ಇದ್ದರೆ ಉಗಿಯಿರಿ, ದುಡ್ಡು ಹೋಯಿತು ಅಂತ ತಿನ್ನಬೇಡಿ, ಜ್ಯೂಸ್ ಮಾಡಿ ಮೂಗು ಮುಚ್ಚಿ ಕುಡಿಯುವುದಂತೂ ಬೇಡವೇ ಬೇಡ. ಕುಕುರ್ಬಿಟಾಸಿನ್ ಜಾಸ್ತಿ ಹೋದರೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಕಹಿ ಸೋರೆಕಾಯಿಯ ಜ್ಯೂಸ್ ಕುಡಿದು ನಮ್ಮ ದೇಶದಲ್ಲಿ ಜನ ಸತ್ತದ್ದೂ ಇದೆ. ಅಂಥ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಕಹಿ ಕಾಯಿ ತಿಂದದ್ದನ್ನು ಡಾಕ್ಟರಿಗೆ ಹೇಳಿ.

ಇನ್ನು ಬೀಜದ ಮಾತು. ಜವಾರಿ ಅಂದಿರಿ, ಹಾಗಾದರೆ ಬೀಜ ಎತ್ತಿಡುತ್ತೀರಿ ಅಂದುಕೊಳ್ಳುತ್ತೇನೆ. ಕಾಯಿಯ ಕಹಿ ಬಲವಾದ ಗುಣ. ಕಹಿ ಸೌತೆಯ ಪರಾಗ ಸೇರಿದ ಬೀಜದಿಂದ ಹುಟ್ಟುವ ಬಳ್ಳಿಗಳಲ್ಲಿ ಕಹಿಯೇ ಮೇಲುಗೈ ಆಗುತ್ತದೆ. ಸುತ್ತಮುತ್ತ ಬೇರೆ ಸೌತೆ ಬಳ್ಳಿಗಳಿದ್ದರೆ ಹೂವನ್ನು ಕಾಯಬೇಕು. ನಾಳೆ ಅರಳಲಿರುವ, ಹಳದಿ ಕಾಣಿಸಿಕೊಂಡ ಒಂದು ಹೆಣ್ಣು ಮೊಗ್ಗು, ಒಂದೆರಡು ಗಂಡು ಮೊಗ್ಗು ಆರಿಸಿ. ಸಂಜೆ ಅವುಗಳ ತುದಿಗೆ ಸಡಿಲವಾಗಿ ದಾರ ಕಟ್ಟಿ. ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ದಾರ ಬಿಚ್ಚಿ ನಡುವೆ ಮೆತ್ತಗೆ ತಾಗಿಸಿ, ಮತ್ತೆ ದಾರ ಕಟ್ಟಿ. ಗುರುತಿಗೆ ತೊಟ್ಟಿಗೊಂದು ಬಣ್ಣದ ನೂಲು ಕಟ್ಟಿದರೆ ಮನೆಯವರು ಯಾರೂ ಮರೆತು ಕೊಯ್ಯುವುದಿಲ್ಲ. ಬೀಜದ ಕಾಯಿಯನ್ನು ಪೂರ್ತಿ ಹಳದಿಯಾಗಿ ಮೆತ್ತಗಾಗುವವರೆಗೆ ಬಳ್ಳಿಯಲ್ಲೇ ಬಿಡಬೇಕು, ಅದನ್ನು ತಿಂದು ಪರೀಕ್ಷಿಸಲು ಬರುವುದಿಲ್ಲ. ಆದ್ದರಿಂದ ಅದೇ ಬಳ್ಳಿಯ ಬೇರೆ ಕಾಯಿಗಳನ್ನು ಈ ಬಿಸಿಲಲ್ಲೇ ರುಚಿ ನೋಡಿ. ಏಪ್ರಿಲ್ ಮೇ ಬಿಸಿಲಲ್ಲೂ ಕಹಿ ಬರದ ಬಳ್ಳಿ ಒಂದಿದ್ದರೆ, ಎತ್ತಿಡಬೇಕಾದದ್ದು ಅದರ ಬೀಜವನ್ನೇ.